ಹತ್ತು ಸಾವಿರ ಯಾರು ಯಾರಿಗೆ ಕೊಡಬೇಕು?

ಜಯನಗರ 4ನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ. ಏಜೆನ್ಸಿ ಹುಡುಗನ ವಾಯ್ಸ್ ನೋಟ್ ಬಂತು. "ಮೇಡಂ, ಎರಡನೇ ರೀಲ್ ಸೂಪರಾಗಿದೆ. ಒಂದೇ ಒಂದು ಲೈನ್ ಸೇರಿಸಿಬಿಡಿ. ಇದನ್ನ ತಿಂದ್ರೆ ಮೂರು ವಾರದಲ್ಲಿ ಶುಗರ್ ಕಂಟ್ರೋಲಿಗೆ ಬರುತ್ತೆ ಅಂತ. ನಿಮ್ಮ ಅಮ್ಮನ ಬಾಯಲ್ಲೇ ಹೇಳಿಸಿದ್ರೆ ಇನ್ನೂ ಚೆನ್ನಾಗಿರುತ್ತೆ."

ನಾನು ಅಡುಗೆ ರೀಲ್ ಮಾಡುವವಳು. ಏಜೆನ್ಸಿಯವರು ನನ್ನಿಂದ ಪ್ರಚಾರ ಮಾಡಿಸುತ್ತಿದ್ದದ್ದು ಒಂದು ಕಂಪನಿಯ ಸಿರಿಧಾನ್ಯದ ದೋಸೆ ಹಿಟ್ಟಿಗೆ. ದೋಸೆ ಚೆನ್ನಾಗಿಯೇ ಬರುತ್ತಿತ್ತು, ಸುಳ್ಳು ಹೇಳಬಾರದು. ಅಮ್ಮನಿಗೆ ಶುಗರ್ ಇರುವುದೂ ನಿಜ. ಆದರೆ ಅದು ಹಿಡಿತದಲ್ಲಿರುವುದು ದಿನಕ್ಕೆರಡು ಮಾತ್ರೆಯಿಂದ. ನನ್ನ ರೀಲ್ ನೋಡಿ ಯಾರಾದರೂ ಮಾತ್ರೆ ಬಿಟ್ಟರೆ?

ಆಗಲ್ಲ ಅಂದೆ. ತಿನ್ನುವ ಪದಾರ್ಥಕ್ಕೆ ರೋಗ ವಾಸಿ ಮಾಡುತ್ತೆ ಅನ್ನುವ ಜಾಹೀರಾತನ್ನು ಆಹಾರ ಸುರಕ್ಷತೆಯ 2018ರ ನಿಯಮಗಳು ಒಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಕಂಪನಿಗಷ್ಟೇ ಅಲ್ಲ, ಪ್ರಚಾರ ಮಾಡಿದವರಿಗೂ 10 ಲಕ್ಷದವರೆಗೆ ದಂಡ ಬೀಳಬಹುದು. ಇದನ್ನೆಲ್ಲ ಹೇಳಿದ್ದಕ್ಕೆ "ಎಲ್ಲರೂ ಮಾಡ್ತಾರಲ್ಲ ಮೇಡಂ" ಅನ್ನುವ ಉತ್ತರ ಬಂತು. ನಾಲ್ಕು ದಿನ ಹಗ್ಗಜಗ್ಗಾಟ ನಡೆಯಿತು. ಆಮೇಲೆ ಇಬ್ಬರಿಗೂ ಸಾಕಾಯಿತು.

ಒಪ್ಪಂದ ಬಿಡುವುದು ಸುಲಭ. ಕಷ್ಟ ಇದ್ದದ್ದು ಲೆಕ್ಕದಲ್ಲಿ.

ಒಟ್ಟು ಒಪ್ಪಂದ 1,50,000 ರೂಪಾಯಿಯದು. ಮೂರು ರೀಲ್, ಒಂದೊಂದಕ್ಕೆ 40,000. ಮೂರು ಸ್ಟೋರಿ, ಒಂದೊಂದಕ್ಕೆ 10,000. ಅಗ್ರಿಮೆಂಟಿನಲ್ಲಿ ಬರೀ ಒಟ್ಟು ಮೊತ್ತ ಇತ್ತು. ಬಿಡಿ ಬಿಡಿ ರೇಟು ಇದ್ದದ್ದು ನಾನು ಮೊದಲು ಕಳಿಸಿದ ಕೊಟೇಶನ್ ಮೇಲ್‌ನಲ್ಲಿ. ಅದಕ್ಕೆ ಅವರು "ಓಕೆ" ಅಂದಿದ್ದರು. ಆ ಒಂದು ಓಕೆ ಇಲ್ಲದಿದ್ದರೆ ಜಗಳ ಇನ್ನೂ ಮುಗಿಯುತ್ತಿರಲಿಲ್ಲವೇನೋ. ಅಡ್ವಾನ್ಸ್ 60,000 ಬಂದಿತ್ತು. ಮೊದಲ ರೀಲು, ಮೊದಲ ಸ್ಟೋರಿ ಹಾಕಿಯಾಗಿತ್ತು.

ಅವರ ಮೇಲ್ ಹೀಗಿತ್ತು: ನೀವು ಮಾಡಿದ್ದು 50,000ದ ಕೆಲಸ, ಉಳಿದ 10,000 ವಾಪಸ್ ಕೊಡಿ.

ಸಿಟ್ಟಿನಲ್ಲಿ ಮೊದಲ ರೀಲನ್ನೇ ಅಳಿಸಲು ಹೋದೆ. ಮಲ್ಲೇಶ್ವರದಲ್ಲಿ ಆಡಿಟರ್ ಆಫೀಸಿನಲ್ಲಿರುವ ಭಾವ ಫೋನಿನಲ್ಲೇ ಗದರಿದರು. "ಅದನ್ನ ತೆಗೆದ್ರೆ ಮಾಡಿದ ಕೆಲಸಾನೂ ನೀನೇ ವಾಪಸ್ ತಗೊಂಡ ಹಾಗೆ. 40,000 ಕೊಡಿ ಅಂತಾರೆ. ಮುಟ್ಟಬೇಡ. ಯಾರು ಸರಿ ಅನ್ನೋದನ್ನ ಪಕ್ಕಕ್ಕಿಡು. ಎರಡನೇ ರೀಲಿನ ಸ್ಕ್ರಿಪ್ಟ್ ಯಾವಾಗ ಒಪ್ಪಿದ್ರು, ಅದನ್ನ ನೋಡು."

ನೋಡಿದೆ. ಸ್ಕ್ರಿಪ್ಟ್ ಒಪ್ಪಿದ ಮೇಲ್ ಶೂಟಿಂಗಿಗೆ ಮೂರು ದಿನ ಮೊದಲೇ ಬಂದಿತ್ತು. ಅದರಲ್ಲಿ ಶುಗರ್ ಸುದ್ದಿಯೇ ಇಲ್ಲ. ಆ ಲೈನ್ ಬಂದದ್ದು ಶೂಟಿಂಗ್, ಎಡಿಟಿಂಗ್ ಎಲ್ಲ ಮುಗಿದ ಮೇಲೆ. ಅಂದರೆ ಅವರು ಒಪ್ಪಿದ ಕೆಲಸವನ್ನೇ ನಾನು ಮಾಡಿದ್ದೆ. ಬದಲಾಗಿದ್ದು ಅವರ ಮನಸ್ಸು. ಪೋಸ್ಟ್ ಆಗಿಲ್ಲ, ಹಾಗಾಗಿ ಪೂರ್ತಿ ದುಡ್ಡು ಕೇಳುವುದು ನ್ಯಾಯ ಅಲ್ಲ. ಅರ್ಧ ಕೇಳಿದೆ, 20,000. ಆಗ ನನ್ನ ಕೆಲಸ 70,000 ಆಯಿತು. ಅವರೇ ನನಗೆ 10,000 ಕೊಡಬೇಕು.

ಇದಕ್ಕೂ ಮೊದಲು ನಾನೊಂದು ಪೆದ್ದು ಕೆಲಸ ಮಾಡಿದ್ದೆ. ಅಡ್ವಾನ್ಸಿನಲ್ಲಿ ಶೇಕಡಾ 10 ಟಿಡಿಎಸ್ ಹಿಡಿದು ಖಾತೆಗೆ ಬಂದದ್ದು 54,000. ಅದನ್ನೇ ಇಟ್ಟುಕೊಂಡು 16,000 ಬರಬೇಕು ಅಂತ ಲೆಕ್ಕ ಹಾಕಿದ್ದೆ. ಭಾವ ನಕ್ಕುಬಿಟ್ಟರು. ಆ 6,000 ನನ್ನ ಪ್ಯಾನ್ ಹೆಸರಿನಲ್ಲಿ ಕಟ್ಟಿದ ತೆರಿಗೆ, ನನ್ನದೇ ದುಡ್ಡು. ಲೆಕ್ಕಕ್ಕೆ ಬರಬೇಕಾದದ್ದು 60,000ವೇ.

ಮೇಲ್ ಬರೆದೆ. ಶುಗರ್ ಲೈನ್ ಬಗ್ಗೆ ಒಂದೇ ಒಂದು ಮಾತು ಬರೆಯಲಿಲ್ಲ, ಅದು ಬೇಕೂ ಇರಲಿಲ್ಲ. ಕೊಟೇಶನ್, ಸ್ಕ್ರಿಪ್ಟ್ ಒಪ್ಪಿದ ಮೇಲ್, ವಾಯ್ಸ್ ನೋಟ್ ಬಂದ ತಾರೀಕು, ಕೆಳಗೆ ಕೂಡುವ ಕಳೆಯುವ ಲೆಕ್ಕ, ಅಷ್ಟೇ. ಮೊದಲ ರೀಲನ್ನು ಅವರು ಜಾಹೀರಾತಾಗಿ ಓಡಿಸಲು 90 ದಿನದ ಹಕ್ಕಿತ್ತು, ಅದು ಮುಗಿಯುವ ತನಕ ಓಡಿಸಿಕೊಳ್ಳಲಿ ಅಂದೆ. ಎರಡನೇ ರೀಲಿನ ವಿಡಿಯೋ ಕೊಡುವುದಿಲ್ಲ. ಬೇರೆ ಹಿಟ್ಟಿನ ಕಂಪನಿ ಜೊತೆ ಕೆಲಸ ಮಾಡಬಾರದು ಅನ್ನುವ ಷರತ್ತು ಇವತ್ತಿಗೇ ಮುಗಿಯಬೇಕು. ನಿಜ ಹೇಳಬೇಕೆಂದರೆ ನನಗೆ ಹತ್ತು ಸಾವಿರಕ್ಕಿಂತ ಜಾಸ್ತಿ ಬೇಕಿದ್ದದ್ದು ಇದೇ.

ಐದು ದಿನ ಸುಮ್ಮನಿದ್ದರು. ಆರನೇ ದಿನ ಅವರ ಅಕೌಂಟ್ಸ್‌ನವರು ನೇರವಾಗಿ ಇನ್‌ವಾಯ್ಸ್ ಕೇಳಿದರು. ಮೊದಲು ಮೂರೂ ಮಾತಿಗೆ ಒಪ್ಪಿಗೆ, ಇನ್ನು ಯಾರೂ ಯಾರಿಗೂ ಕೊಡಬೇಕಾದ್ದಿಲ್ಲ ಅಂತ ಬರೆದು ಮೇಲ್ ಮಾಡಿ ಅಂದೆ. ಅದು ಬಂದ ಮೇಲೆ 10,000ಕ್ಕೆ ಇನ್‌ವಾಯ್ಸ್ ಕಳಿಸಿದೆ.

ಖಾತೆಗೆ 9,000 ಬಿತ್ತು. ಉಳಿದ ಸಾವಿರ ನನ್ನ ಪ್ಯಾನ್ ಹೆಸರಿನ ತೆರಿಗೆ ಲೆಕ್ಕದಲ್ಲಿ ಕಾಣಬೇಕು. ಅವರು ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್ ಹಾಕುವುದರಿಂದ ಇನ್ನೂ ಬಂದಿಲ್ಲ. ತಿಂಗಳಿಗೊಂದು ಸಲ ತೆಗೆದು ನೋಡುತ್ತಿದ್ದೇನೆ.