ಟೈಟಾನಿಕ್ ಮುರಿಯಿತೇ, ಇಡಿಯಾಗಿ ಮುಳುಗಿತೇ: ಸಾರಾಂಶಕ್ಕೆ ಮುಂಚಿನ ಕೆಲಸದ ದಿನಚರಿ

ಮೊದಲನೆಯ ವಾರ

ಟೈಟಾನಿಕ್ ಹಡಗಿನ ಕೊನೆಯ ಅರ್ಧ ಗಂಟೆಯನ್ನು, ಬದುಕುಳಿದವರ ಸಾಕ್ಷ್ಯವನ್ನಷ್ಟೇ ಆಧರಿಸಿ, ಕನ್ನಡದಲ್ಲಿ ಒಂದು ಪುಟದ ಸಾರಾಂಶವಾಗಿ ಬರೆಯಬೇಕೆಂಬುದು ನಾನು ಬಿಡುವಿನ ವೇಳೆಯಲ್ಲಿ ಕೈಗೆತ್ತಿಕೊಂಡಿರುವ ಕೆಲಸ. ಆಧಾರಕ್ಕೆ ಕೊರತೆಯಿಲ್ಲ. 1912ರ ಏಪ್ರಿಲ್ 19ರಂದು ಅಮೆರಿಕದ ಸೆನೆಟ್ ಸಮಿತಿಯು ವಿಲಿಯಂ ಆಲ್ಡೆನ್ ಸ್ಮಿತ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ಆರಂಭಿಸಿತು. ಮೇ 2ರಿಂದ ಲಂಡನ್ನಿನಲ್ಲಿ ಲಾರ್ಡ್ ಮರ್ಸಿ ಅವರ ಮುಂದೆ ಇನ್ನೊಂದು ವಿಚಾರಣೆ ನಡೆಯಿತು. ಎರಡರ ನಡಾವಳಿಯೂ ಪ್ರಶ್ನೋತ್ತರ ರೂಪದಲ್ಲಿ ಮಾತಿಗೆ ಮಾತು ದಾಖಲಾಗಿದೆ. ಲಂಡನ್ನಿನ ನಡಾವಳಿಯಲ್ಲಂತೂ ಪ್ರತಿ ಪ್ರಶ್ನೆಗೂ ಕ್ರಮಸಂಖ್ಯೆಯಿದ್ದು, ಅದು ಇಪ್ಪತ್ತೈದು ಸಾವಿರವನ್ನು ದಾಟುತ್ತದೆ.

ಅಷ್ಟನ್ನೂ ಓದಿ ಮುಗಿಸುವುದು ನನ್ನಿಂದಾಗದ ಕೆಲಸವಾದ್ದರಿಂದ ಸದ್ಯಕ್ಕೆ ಆರು ಮಂದಿಯನ್ನು ಆರಿಸಿಕೊಂಡಿದ್ದೇನೆ. ಎರಡನೆಯ ಅಧಿಕಾರಿ ಲೈಟಾಲರ್, ಮೂರನೆಯ ಅಧಿಕಾರಿ ಪಿಟ್‌ಮನ್, ನಾಲ್ಕನೆಯ ಅಧಿಕಾರಿ ಬಾಕ್ಸ್‌ಹಾಲ್, ನಾವಿಕರಾದ ಬ್ಯೂಲಿ ಮತ್ತು ಆಸ್ಮನ್, ಹಡಗಿನ ಮುಖ್ಯ ಬೇಕರಿಯವ ಜೋಗಿನ್.

ಈ ವಾರ ಮಾಡಿದ ತಪ್ಪನ್ನು ಇಲ್ಲಿಯೇ ಬರೆದಿಡುತ್ತೇನೆ. ಆರು ಜನರ ಹೇಳಿಕೆಗಳನ್ನೂ ಒಂದರ ನಂತರ ಒಂದರಂತೆ ಓದಿ, ಆ ಓದಿನ ಬಿಸಿಯಲ್ಲೇ ಕರಡನ್ನು ಬರೆದೆ. "ಹಡಗಿನ ನಡುಭಾಗ ಬಾಗಿ ಅರೆಬರೆ ಬಿರುಕು ಬಿಟ್ಟು, ಕೊನೆಗೆ ನೆಟ್ಟಗೆ ನಿಂತು ಮುಳುಗಿತು" ಎಂಬ ವಾಕ್ಯ ಅದರಲ್ಲಿತ್ತು. ಎರಡು ದಿನ ಬಿಟ್ಟು, ಈ ವಾಕ್ಯ ಯಾರ ಬಾಯಿಂದ ಬಂದದ್ದೆಂದು ಹುಡುಕಿದರೆ ಅದು ಯಾರದ್ದೂ ಅಲ್ಲ. ಒಬ್ಬರು ಮುರಿಯಿತು ಎಂದಿದ್ದಾರೆ, ಇನ್ನೊಬ್ಬರು ಮುರಿಯಲಿಲ್ಲ ಎಂದಿದ್ದಾರೆ. ಅರೆಬರೆ ಬಿರುಕು ಎಂಬುದು ಇಬ್ಬರಿಗೂ ನೋವಾಗದಂತೆ ನಾನು ಮಾಡಿದ ಪಂಚಾಯಿತಿ. ಜಗಳಕ್ಕಾದರೆ ಇಂಥ ರಾಜಿ ಸರಿ, ದಾಖಲೆಗೆ ಸಲ್ಲದು. ಕರಡನ್ನು ಅಳಿಸಿದೆ.

ಎರಡನೆಯ ವಾರ

ವ್ಯಕ್ತಿಯಿಂದ ವ್ಯಕ್ತಿಗೆ ಓದುವುದನ್ನು ಬಿಟ್ಟು, ಸಂಗತಿಯಿಂದ ಸಂಗತಿಗೆ ಓದತೊಡಗಿದೆ. ಅಂದರೆ ಹಾಳೆಯ ಮೇಲ್ತುದಿಯಲ್ಲಿ ಒಂದೇ ಒಂದು ಪ್ರಶ್ನೆ, ಕೆಳಗೆ ಆ ಪ್ರಶ್ನೆಗೆ ಸಂಬಂಧಿಸಿ ಆರು ಜನ ಹೇಳಿದ ಮಾತು ಅವರದೇ ಪದಗಳಲ್ಲಿ, ಪಕ್ಕದಲ್ಲಿ ಅವರು ಆಗ ಎಲ್ಲಿದ್ದರು ಎಂಬುದು, ಮತ್ತು ಆ ಉತ್ತರವನ್ನು ಹೊರಡಿಸಿದ ಪ್ರಶ್ನೆ. ಕೊನೆಯ ಅಂಕಣ ಅನಗತ್ಯವೆಂದು ಮೊದಲು ತೋರಿತ್ತು. ಆದರೆ ಸಾಕ್ಷಿಗಳು ತಾವಾಗಿ ಕಥೆ ಹೇಳಿದವರಲ್ಲ, ಕೇಳಿದ್ದಕ್ಕೆ ಉತ್ತರಿಸಿದವರು. ಸೆನೆಟರ್ ಸ್ಮಿತ್ ಅವರು ಲೈಟಾಲರ್ ಅವರನ್ನು ಹಡಗು ಎರಡಾಗಿ ಮುರಿದಿತ್ತೇ ಅಥವಾ ಇಡಿಯಾಗಿತ್ತೇ ಎಂದು ನೇರವಾಗಿ ಕೇಳಿದ್ದರಿಂದಲೇ "ಸಂಪೂರ್ಣವಾಗಿ ಇಡಿಯಾಗಿತ್ತು" ಎಂಬ ಖಡಾಖಂಡಿತ ಉತ್ತರ ಬಂದಿದೆ. ಪಿಟ್‌ಮನ್ ಅವರಾದರೋ ಹಡಗು ಮುಳುಗಿದ ಬಗೆಯನ್ನು ವಿವರಿಸುತ್ತ, ಮುಂಭಾಗ ನೀರಿಗಿಳಿದ ಮೇಲೆ ಅದು ನೆಟ್ಟಗೆ ನಿಂತು ಲಂಬವಾಗಿ ಕೆಳಗಿಳಿಯಿತು ಎಂದರು. ಆ ಉತ್ತರದಲ್ಲಿ ಮುರಿತದ ಮಾತೇ ಇಲ್ಲ. ಮಾತಿಲ್ಲ ಎಂಬುದನ್ನು "ಮುರಿಯಲಿಲ್ಲ" ಎಂಬ ಕಡೆಗೆ ಸೇರಿಸಿ ನಾನು ಮೊದಲ ವಾರ ಲೆಕ್ಕ ಹಾಕಿದ್ದೆ. ಈಗ ಆ ಮನೆಯನ್ನು ಖಾಲಿ ಬಿಟ್ಟಿದ್ದೇನೆ.

ಪಟ್ಟಿ ಸಿದ್ಧವಾದೊಡನೆ ಅರ್ಧದಷ್ಟು ವಿರೋಧಗಳು ತಾವಾಗಿಯೇ ಕರಗಿದವು. ಆಸ್ಮನ್ ಹಡಗು ಸಿಡಿಯಿತು ಎನ್ನುತ್ತಾರೆ. ಪಿಟ್‌ಮನ್ ದೂರದ ದೊಡ್ಡ ತೋಪಿನಂಥ ನಾಲ್ಕು ಸದ್ದುಗಳು ಕೇಳಿಸಿದವು ಎಂದು ಹೇಳಿ, ಅವು ಒಳಗಿನ ಅಡ್ಡಗೋಡೆಗಳು ಒಡೆದ ಸದ್ದೆಂದು ಊಹಿಸುತ್ತಾರೆ. ಜೋಗಿನ್ ಅದು ಸ್ಫೋಟವಲ್ಲ, ಕಬ್ಬಿಣ ಬಿಟ್ಟುಕೊಂಡಂಥ ಸದ್ದು ಎನ್ನುತ್ತಾರೆ. ಮೂವರೂ ದೊಡ್ಡ ಸದ್ದನ್ನು ಕೇಳಿದ್ದಾರೆ. ಭಿನ್ನವಾಗಿರುವುದು ಆ ಸದ್ದಿಗೆ ಅವರು ಕೊಟ್ಟ ಹೆಸರು. ಹೀಗೆಯೇ ಪಿಟ್‌ಮನ್ ಅವರ "ನೆಟ್ಟಗೆ ನಿಂತಿತು" ಎಂಬ ಮಾತಿಗೂ ಬ್ಯೂಲಿಯ "ಹಿಂಭಾಗ ಮೇಲೆ ಬಂದು ಸ್ವಲ್ಪ ಹೊತ್ತು ಹಾಗೆಯೇ ಇತ್ತು" ಎಂಬ ಮಾತಿಗೂ ಜಗಳವಿಲ್ಲ, ಏಕೆಂದರೆ ಮುರಿದ ಹಿಂಭಾಗವೇ ಆಮೇಲೆ ನೆಟ್ಟಗೆ ನಿಂತಿರಬಹುದು. ಎರಡು ಹೇಳಿಕೆಗಳ ಎದುರು ನಾನು ಈಗ ಇಟ್ಟುಕೊಳ್ಳುವ ಪ್ರಶ್ನೆ ಒಂದೇ: ಇವೆರಡೂ ಒಟ್ಟಿಗೆ ನಿಜವಾಗಿರಬಲ್ಲ ಸನ್ನಿವೇಶವೊಂದು ಇದೆಯೇ? ಇದ್ದರೆ ಅದು ವಿರೋಧವಲ್ಲ.

ಈ ಜರಡಿಯಲ್ಲಿ ಉಳಿದುಕೊಂಡದ್ದು ಒಂದು. ಹಡಗು ಎರಡಾಯಿತು ಎಂದು ಬ್ಯೂಲಿ ಮತ್ತು ಆಸ್ಮನ್. ಇಲ್ಲ ಎಂದು ಲೈಟಾಲರ್.

ನಡುವೆ ಕನ್ನಡದ್ದೇ ಒಂದು ತೊಡಕನ್ನೂ ಗುರುತಿಸಿಕೊಂಡೆ. ಮುಂಭಾಗ ನೀರೊಳಗೆ ಹೋದದ್ದಕ್ಕೂ ಇಡೀ ಹಡಗು ಕಣ್ಮರೆಯಾದದ್ದಕ್ಕೂ ನಾನು "ಮುಳುಗಿತು" ಎಂದೇ ಬರೆದಿದ್ದೆ. ನನ್ನ ಟಿಪ್ಪಣಿಯಲ್ಲಿ, ಹಡಗು ಮುಳುಗಿದ ಮೇಲೂ ತೇಲುತ್ತಿತ್ತು ಎಂದು ಬ್ಯೂಲಿ ಹೇಳಿದಂತಾಗಿತ್ತು! ಮೊದಲನೆಯದನ್ನು "ನೀರಿಗಿಳಿಯಿತು", ಎರಡನೆಯದನ್ನು "ಕಣ್ಮರೆಯಾಯಿತು" ಎಂದು ತಿದ್ದಿದೆ.

ಮೂರನೆಯ ವಾರ

ಭಾಷೆ ತೊಡಕು ಕೊಟ್ಟಂತೆ ನೆರವನ್ನೂ ಕೊಟ್ಟಿತು. ನಮ್ಮಲ್ಲಿ ಕಂಡದ್ದನ್ನು ಹೇಳುವ ಕ್ರಿಯಾಪದ ಬೇರೆ, ಊಹಿಸಿದ್ದನ್ನು ಹೇಳುವ "ಇರಬೇಕು" ಬೇರೆ, ಪರರಿಂದ ಕೇಳಿದ್ದನ್ನು ಹೇಳುವ "ಅಂತೆ" ಬೇರೆ. ಪ್ರತಿ ಹೇಳಿಕೆಯನ್ನೂ "ಕಂಡೆ", "ಕಿವಿಗೆ ಬಿತ್ತು", "ಇರಬೇಕು", "ಅಂತೆ" ಎಂಬ ನಾಲ್ಕರಲ್ಲಿ ಒಂದರಿಂದ ಮುಗಿಯುವಂತೆ ಕನ್ನಡಿಸಿದೆ. ಯಾವುದರಿಂದ ಮುಗಿಸಬೇಕೆಂದು ತಿಳಿಯದಿದ್ದರೆ ಮತ್ತೆ ಮೂಲಕ್ಕೆ ಹೋಗಲೇಬೇಕು. ಈ ವಾರದ ಸಮಯವೆಲ್ಲ ಅದಕ್ಕೇ ಹೋಯಿತು.

ಮೊದಲ ಫಲ ಸಿಕ್ಕಿದ್ದು ವಿರೋಧದಲ್ಲಲ್ಲ, ಒಮ್ಮತದಲ್ಲಿ. ಹಡಗು ಕಣ್ಮರೆಯಾದದ್ದು 2.20ಕ್ಕೆ ಎಂದು ಪಿಟ್‌ಮನ್ ಮತ್ತು ಬಾಕ್ಸ್‌ಹಾಲ್ ಇಬ್ಬರೂ ಹೇಳಿದ್ದಾರೆಂದು ನಾನು ಒಂದೇ ಸಾಲಿನಲ್ಲಿ ಬರೆದುಕೊಂಡಿದ್ದೆ. ಪಿಟ್‌ಮನ್ ಹಡಗು ಮರೆಯಾದ ಕ್ಷಣದಲ್ಲಿ ಗಡಿಯಾರವನ್ನು ಹೊರತೆಗೆದು ನೋಡಿ, 2.20 ಎಂದು ಬಾಯಿಬಿಟ್ಟು ಹೇಳಿದ್ದಾಗಿ ನುಡಿದಿದ್ದಾರೆ. ಬಾಕ್ಸ್‌ಹಾಲ್ ಹೇಳಿದ್ದು ಬೇರೆ: ಹಡಗು ಮುಳುಗಿದ್ದನ್ನು ತಾನು ಕಂಡೆನೆಂದು ಹೇಳಲಾರೆ, ದೀಪಗಳು ಆರಿದ್ದನ್ನು ಕಂಡೆ, ಎರಡು ಮೂರು ನಿಮಿಷ ಕಳೆದು ನೋಡಿದಾಗ 2.25 ಆಗಿತ್ತು, ಆದ್ದರಿಂದ ಮುಳುಗಿದ್ದು ಸುಮಾರು 2.20ಕ್ಕೆ ಎಂದು ಲೆಕ್ಕ ಹಾಕಿದೆ. ಒಂದು "ಕಂಡೆ", ಇನ್ನೊಂದು "ಇರಬೇಕು". ಎರಡು ಸಾಕ್ಷಿ ಎಂದು ಎಣಿಸಿದ್ದು ಒಂದೂಕಾಲು ಸಾಕ್ಷಿಯಾಯಿತು.

ಇದರಿಂದಲೇ ಇನ್ನೊಂದು ಗಂಟೂ ಬಿಚ್ಚಿತು. ಬಾಕ್ಸ್‌ಹಾಲ್ ಮತ್ತು ಆಸ್ಮನ್ ಇದ್ದದ್ದು ಒಂದೇ ದೋಣಿಯಲ್ಲಿ, ಸಂಖ್ಯೆ 2ರಲ್ಲಿ. ಅಕ್ಕಪಕ್ಕದಲ್ಲಿದ್ದವರಲ್ಲಿ ಒಬ್ಬ ನಾವಿಕ ಹಡಗು ಎರಡಾಯಿತು ಎಂದರೆ, ದೋಣಿಯ ಹೊಣೆ ಹೊತ್ತಿದ್ದ ಅಧಿಕಾರಿ ಅದರ ಸೊಲ್ಲೆತ್ತುವುದಿಲ್ಲವಲ್ಲ ಎಂದು ಆಸ್ಮನ್ ಮಾತಿನ ಮೇಲೆ ನನಗೆ ಅನುಮಾನ ಹುಟ್ಟಿತ್ತು. ಆದರೆ ತಾನು ನೋಡಲಿಲ್ಲವೆಂದು ಒಪ್ಪಿಕೊಂಡವರ ಮೌನವು ನೋಡಿದವರ ಮಾತಿಗೆ ಎದುರಾಗಿ ನಿಲ್ಲಲಾರದು.

ಇನ್ನು ಉಳಿದ ನಿಜವಾದ ವಿರೋಧ. ಬ್ಯೂಲಿ 10ನೆಯ ದೋಣಿಯಲ್ಲಿದ್ದರು. ಎರಡಾದದ್ದು ನಿನಗೆ ಹೇಗೆ ಗೊತ್ತಾಯಿತು ಎಂದು ಸಮಿತಿ ಕೇಳಿದಾಗ, ಹಿಂಭಾಗ ತೇಲುತ್ತಿದ್ದುದು ನಮಗೆ ಕಾಣುತ್ತಿತ್ತು, ಅದಕ್ಕೆ ಮುಂಭಾಗವೇ ಇರಲಿಲ್ಲ ಎಂದು ಉತ್ತರಿಸಿದರು. ನಡಾವಳಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದ ಉತ್ತರ ಇದು, ಏಕೆಂದರೆ ತೀರ್ಮಾನದ ಜೊತೆಗೆ ಆ ತೀರ್ಮಾನಕ್ಕೆ ಕಾರಣವಾದ ನೋಟವೂ ಇದರಲ್ಲಿದೆ. ಅದೇ ಬ್ಯೂಲಿ, ಯಂತ್ರಗಳು ಮುನ್ನುಗ್ಗಿದಂಥ ಸದ್ದಾಯಿತು ಎಂದಾಗ ಅದು "ಕಿವಿಗೆ ಬಿತ್ತು" ಮತ್ತು "ಇರಬೇಕು" ಎರಡೂ ಬೆರೆತ ಮಾತು; ಹಿಂಭಾಗ ಐದು ನಿಮಿಷ ತೇಲಿತು ಎಂಬುದು ಗಡಿಯಾರವಿಲ್ಲದ ಅಂದಾಜು. ಒಬ್ಬ ಸಾಕ್ಷಿಯನ್ನು ಇಡಿಯಾಗಿ ನಂಬುವುದು ಅಥವಾ ಇಡಿಯಾಗಿ ಬಿಡುವುದು ಸಾಧ್ಯವಿಲ್ಲವೆಂದು ಇಲ್ಲಿ ಖಚಿತವಾಯಿತು.

ಈ ಮೂವರಲ್ಲಿ ಲೈಟಾಲರ್ ಅವರೇ ಹಡಗಿಗೆ ಹೆಚ್ಚು ಹತ್ತಿರವಿದ್ದವರು. ಹಡಗಿನ ಮುಂಭಾಗದಿಂದ ನೀರಿಗೆ ಧುಮುಕಿ, ಸೆಳೆತಕ್ಕೆ ಸಿಕ್ಕಿ ಒಳಗೆ ಹೋಗಿ, ಮೇಲೆ ಬಂದು ಮಗುಚಿದ ಮಡಿಸುದೋಣಿಯೊಂದನ್ನು ಹಿಡಿದವರು. ಹತ್ತಿರವಿದ್ದವರ ಮಾತಿಗೆ ತೂಕ ಹೆಚ್ಚು ಎಂದು ನಾವು ಸಹಜವಾಗಿ ಎಣಿಸುತ್ತೇವೆ. ಆದರೆ ಚಂದ್ರನಿಲ್ಲದ ರಾತ್ರಿಯಲ್ಲಿ, ದೀಪ ಆರಿದ ಹಡಗಿನ ಬುಡದಲ್ಲಿ, ಜೀವ ಉಳಿಸಿಕೊಳ್ಳುತ್ತಿದ್ದವರಿಗೆ ಅದರ ಉದ್ದಗಲವೆಲ್ಲ ಒಂದೇ ನೋಟಕ್ಕೆ ಸಿಕ್ಕಿರುವುದು ಕಷ್ಟ. ಅದಕ್ಕಿಂತ ದೊಡ್ಡ ಸುಳಿವು ಅವರು ಲಂಡನ್ನಿನಲ್ಲಿ ಬಳಸಿದ ಪದಗಳಲ್ಲೇ ಇದೆ. ಹಡಗು ಎರಡಾಗಿ ಮುರಿಯಲಿಲ್ಲ, ಮುರಿಯಲು ಸಾಧ್ಯವೂ ಇರಲಿಲ್ಲ ಎಂದರು. ಮೊದಲರ್ಧ ಸಾಕ್ಷ್ಯ. "ಸಾಧ್ಯವಿರಲಿಲ್ಲ" ಎಂಬುದು ಕಣ್ಣಿನ ಮಾತಲ್ಲ, ಹಡಗುಗಳ ಬಗ್ಗೆ ಅನುಭವಿಯೊಬ್ಬನ ತರ್ಕ. ಆ ತರ್ಕ ಮೊದಲರ್ಧಕ್ಕೆ ಎಷ್ಟು ಬಣ್ಣ ಹಚ್ಚಿತೆಂದು ಅಳೆಯಲು ನನ್ನ ಬಳಿ ಉಪಾಯವಿಲ್ಲ. ಅವರು ಸುಳ್ಳಾಡಿದರೆಂದು ಬರೆಯಲು ಆಧಾರವೂ ಇಲ್ಲ, ಅಗತ್ಯವೂ ಇಲ್ಲ.

ನಾಲ್ಕನೆಯ ವಾರ

ಈ ಹಂತಕ್ಕೆ ಬರುವ ತನಕ ಎರಡು ಸಂಗತಿಗಳನ್ನು ಬೇಕೆಂದೇ ದೂರವಿಟ್ಟಿದ್ದೆ. ಒಂದು, 1912ರ ಜುಲೈ 30ರ ಲಾರ್ಡ್ ಮರ್ಸಿ ವರದಿ. ಹಡಗು ಎರಡಾಗಿ ಮುರಿಯಲಿಲ್ಲ ಎಂದು ಅದು ತೀರ್ಮಾನಿಸಿತು. ಕೇಳಿಬಂದ ಗುಡುಗುಡು ಸದ್ದು ಬಾಯ್ಲರುಗಳು ತಮ್ಮ ನೆಲೆಯಿಂದ ಕಿತ್ತು ಮುಂದಕ್ಕೆ ಬಿದ್ದದ್ದಿರಬಹುದು ಎಂದಿತು. ಸಾರಾಂಶ ಬರೆಯುವವನ ಕಣ್ಣಿನಿಂದ ನೋಡಿದರೆ ಇದು ನನ್ನ ಮೊದಲ ವಾರದ ತಪ್ಪಿನ ಅಣ್ಣ. ಒಂದು ಪಕ್ಷದ ಸದ್ದನ್ನು ಉಳಿಸಿಕೊಂಡು, ಅದಕ್ಕೆ ಬೇರೆ ಕಾರಣ ಕೊಟ್ಟು, ನೋಟವನ್ನು ಕೈಬಿಟ್ಟಾಗ ಓದುಗನಿಗೆ ವಿರೋಧವೊಂದು ಇತ್ತೆಂಬುದೇ ತಿಳಿಯುವುದಿಲ್ಲ.

ಎರಡನೆಯದು, 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬ್ಯಾಲಾರ್ಡ್ ಮತ್ತು ಜಾನ್ ಲೂಯಿ ಮಿಶೆಲ್ ಅವರ ತಂಡಕ್ಕೆ ಸಿಕ್ಕ ಅವಶೇಷ. ಸುಮಾರು 3,800 ಮೀಟರ್ ಆಳದಲ್ಲಿ ಮುಂಭಾಗ ಮತ್ತು ಹಿಂಭಾಗಗಳು ಪರಸ್ಪರ ಸುಮಾರು 600 ಮೀಟರ್ ದೂರದಲ್ಲಿ ಬಿದ್ದಿವೆ. ಇದನ್ನು ಮೊದಲೇ ಪಟ್ಟಿಯೊಳಗೆ ತಂದಿದ್ದರೆ, ಬ್ಯೂಲಿಯ ಐದು ನಿಮಿಷವನ್ನೂ ಆಸ್ಮನ್ ಹೇಳಿದ ಸಿಡಿತವನ್ನೂ "ಸರಿ ಹೇಳಿದವರು" ಎಂಬ ಒಂದೇ ಗುಣದಿಂದ ಒಪ್ಪಿಬಿಡುತ್ತಿದ್ದೆ. ಹಡಗು ಎರಡಾಗಿದೆ ಎಂದಷ್ಟೇ ಅವಶೇಷ ಹೇಳುತ್ತದೆ. ಹಿಂಭಾಗ ಎಷ್ಟು ಹೊತ್ತು ತೇಲಿತು ಎಂಬುದಕ್ಕೆ ಅದು ಉತ್ತರವಲ್ಲ.

ಮುರಿತದ ಬಗ್ಗೆ ಈಗ ಬರೆದಿರುವ ಭಾಗ ಹೀಗಿದೆ: "ದೋಣಿಗಳಲ್ಲಿದ್ದ ಬ್ಯೂಲಿ ಮತ್ತು ಆಸ್ಮನ್ ಹಡಗು ಎರಡಾದದ್ದಾಗಿ ನುಡಿದರು, ಬ್ಯೂಲಿ ಮುಂಭಾಗವಿಲ್ಲದ ಹಿಂಭಾಗ ತೇಲುತ್ತಿದ್ದುದನ್ನು ಕಂಡದ್ದಾಗಿ ಹೇಳಿದರು. ನೀರಿನಲ್ಲಿದ್ದ ಲೈಟಾಲರ್ ಹಡಗು ಇಡಿಯಾಗಿಯೇ ಇತ್ತು, ಮುರಿಯಲು ಸಾಧ್ಯವಿರಲಿಲ್ಲ ಎಂದರು. ಇನ್ನೂ ಹಡಗಿನಲ್ಲೇ ಇದ್ದ ಜೋಗಿನ್ ಕಬ್ಬಿಣ ಬಿಟ್ಟುಕೊಂಡಂಥ ಸದ್ದನ್ನು ಕೇಳಿದರು. ಹಡಗು ಕಣ್ಮರೆಯಾದದ್ದನ್ನು ಬಾಕ್ಸ್‌ಹಾಲ್ ನೋಡಲಿಲ್ಲ. 1912ರ ಬ್ರಿಟಿಷ್ ವರದಿ ಲೈಟಾಲರ್ ಅವರ ಮಾತಿನಂತೆ ತೀರ್ಮಾನಿಸಿತು. 1985ರಲ್ಲಿ ಅವಶೇಷ ಎರಡು ತುಂಡುಗಳಾಗಿ ಸಿಕ್ಕಿತು."

ಮೊದಲ ಕರಡಿಗಿಂತ ಇದು ಉದ್ದವಾಗಿದೆ, ಓದಲು ಅಷ್ಟು ಸಲೀಸೂ ಅಲ್ಲ. ಒಂದು ಪುಟದ ಮಿತಿಯೊಳಗೆ ನಿಲ್ಲಿಸಲು ಸದ್ದುಗಳ ಹೆಸರಿನ ಭಿನ್ನತೆಯನ್ನು ಬಿಟ್ಟಿದ್ದೇನೆ, ಏಕೆಂದರೆ ಅದು ವಿರೋಧವಲ್ಲವೆಂದು ಎರಡನೆಯ ವಾರವೇ ಇತ್ಯರ್ಥವಾಗಿತ್ತು. ಮುಂದಿನ ವಾರ ಇದೇ ಪಟ್ಟಿಯನ್ನು ದೀಪಗಳು ಆರಿದ ಹೊತ್ತಿಗೆ ಹಾಕಬೇಕು. ಬಾಕ್ಸ್‌ಹಾಲ್ ಅವರ ಲೆಕ್ಕ ನಿಂತಿರುವುದೇ ಆ ದೀಪಗಳ ಮೇಲೆ.