ಸವಳು ನೀರಿನ ಕೊಡ, ಡಿಗಾಕ್ಸಿನ್ ಗುಳಿಗೆ

"ಗುಳಿಗಿ ಬಿಟ್ಟು ಎಲ್ಡು ದಿನ ಆತ್ರಿ. ಇನ್ನಾ ಮೈಯಾಗ ಐತೇನ್ರಿ? ಪೂರಾ ಹೋಗಾಕ ಎಷ್ಟು ದಿನ ಬೇಕು?"

ಯಾವ ಗುಳಿಗೆ, ನುಂಗಿದವರ ಕಿಡ್ನಿ ಹೇಗಿದೆ, ಇವೆರಡು ಗೊತ್ತಾದರೆ ಲೆಕ್ಕ ಹಾಕಿ ಹೇಳಬಹುದು. ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಆದರೆ ಎರಡು ದಿನಕ್ಕೆ ಲೆಕ್ಕಕ್ಕೆ ಸಿಗುವಷ್ಟೂ ಉಳಿದಿರುವುದಿಲ್ಲ. ಎದೆ ಬಡಿತಕ್ಕೆ ಕೊಡುವ ಡಿಗಾಕ್ಸಿನ್ ಆದರೆ ಹೆಚ್ಚುಕಡಿಮೆ ಅರ್ಧ ಇನ್ನೂ ಒಳಗೇ ಇರುತ್ತದೆ. ಕಿಡ್ನಿ ಸೋತವರಾದರೆ ಮುಕ್ಕಾಲು ಭಾಗವೇ ಇದ್ದರೂ ಇರಬಹುದು.

ರಾಯಚೂರಿನಲ್ಲಿ ನನ್ನ ಮೆಡಿಕಲ್ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಒಂದು ಲೆಕ್ಕ ಇರುತ್ತದೆ. ಔಷಧಿ ದಿನಕ್ಕೆ ಇಷ್ಟಿಷ್ಟು ಅಂತ ಖಾಲಿಯಾಗುತ್ತದೆ, ಮೊದಲ ದಿನ ಕಾಲು ಭಾಗ ಹೋದರೆ ನಾಲ್ಕು ದಿನಕ್ಕೆ ಪೂರಾ ಮುಗಿಯಿತು ಅಂತ. ಚೀಲದಲ್ಲಿನ ಜೋಳ ಖಾಲಿಯಾಗುವುದು ಹಾಗೆ. ಮೈಯಲ್ಲಿರುವ ಔಷಧಿ ಹಾಗೆ ಹೋಗುವುದಿಲ್ಲ.

ಅವರಿಗೆ ನಾನು ಸವಳು ನೀರಿನ ಕೊಡದ ಉದಾಹರಣೆ ಕೊಡುತ್ತೇನೆ. ಸವಳು ಬೋರಿನ ನೀರು ನಮ್ಮ ಕಡೆ ಯಾರಿಗೂ ಹೊಸದಲ್ಲ. ಹತ್ತು ಚೊಂಬು ನೀರು ಹಿಡಿಯುವ ಕೊಡ, ಅದರಲ್ಲಿ 100 ಗ್ರಾಂ ಉಪ್ಪು ಕರಗಿದೆ ಅಂದುಕೊಳ್ಳಿ. ಒಂದು ಚೊಂಬು ನೀರು ತೆಗೆದು ಚೆಲ್ಲಿ, ಅಷ್ಟೇ ಸಿಹಿನೀರು ಹಾಕಿ ಕಲಸಿ. 10 ಗ್ರಾಂ ಉಪ್ಪು ಹೋಯಿತು, 90 ಉಳಿಯಿತು. ಇನ್ನೊಮ್ಮೆ ಅದೇ ಚೊಂಬು, ಅದೇ ಕೆಲಸ. ಈಗ ಹೋಗುವುದು 10 ಅಲ್ಲ, 9. ಏಕೆಂದರೆ ನೀರು ಮೊದಲಿಗಿಂತ ಸಪ್ಪಗಾಗಿದೆ. ಆಮೇಲಿನ ಸಲ 8 ಚಿಲ್ಲರೆ. ಏಳು ಚೊಂಬು ಬದಲಿಸುವ ಹೊತ್ತಿಗೆ ಉಪ್ಪು ಅರ್ಧಕ್ಕೆ ಬಂದಿರುತ್ತದೆ. ಇನ್ನು ಏಳು ಚೊಂಬು ಬದಲಿಸಿದರೆ ಖಾಲಿ ಆಗುವುದಿಲ್ಲ, ಅರ್ಧದಲ್ಲಿ ಅರ್ಧ ಆಗುತ್ತದೆ, ಅಂದರೆ ಕಾಲು ಭಾಗ.

ಕಿಡ್ನಿ ಮಾಡುವುದು ಹೆಚ್ಚುಕಡಿಮೆ ಇದೇ ಕೆಲಸ. ನಿಮಿಷಕ್ಕೆ ಇಷ್ಟು ಅಂತ ಒಂದು ಪ್ರಮಾಣದ ರಕ್ತವನ್ನು ಅದು ಶುದ್ಧ ಮಾಡುತ್ತದೆ. ಆ ರಕ್ತದಲ್ಲಿ ಔಷಧಿ ಗಟ್ಟಿಯಾಗಿದ್ದರೆ ಜಾಸ್ತಿ ಹೋಗುತ್ತದೆ, ತೆಳುವಾಗಿದ್ದರೆ ಕಡಿಮೆ. ಹೋಗುವ ಪ್ರಮಾಣ ಬದಲಾಗುತ್ತದೆ, ಹೋಗುವ ಪಾಲು ಬದಲಾಗುವುದಿಲ್ಲ. ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತಿಗೆ ಅರ್ಧಾಯು ಅನ್ನುತ್ತಾರೆ, ಅಂಗಡಿಯಲ್ಲಿ ನಾವೆಲ್ಲ ಹಾಫ್ ಲೈಫ್ ಅಂತಲೇ ಹೇಳುವುದು. ಪ್ಯಾರಾಸಿಟಮಾಲ್‌ಗೆ ಅದು ಎರಡರಿಂದ ಮೂರು ಗಂಟೆ. ಕಿಡ್ನಿ ಸರಿ ಇದ್ದವರಲ್ಲಿ ಡಿಗಾಕ್ಸಿನ್‌ಗೆ ಸುಮಾರು ಒಂದೂವರೆಯಿಂದ ಎರಡು ದಿನ.

ಇದರಿಂದ ಒಂದು ವಿಷಯ ಹೊರಡುತ್ತದೆ, ಕೇಳಿದವರು ನಂಬುವುದೇ ಇಲ್ಲ. ಮರೆತು ಒಂದರ ಬದಲು ಎರಡು ಗುಳಿಗೆ ನುಂಗಿದರೆ ಎರಡು ಪಟ್ಟು ದಿನ ಬೇಕಾಗುವುದಿಲ್ಲ. ಬರೀ ಒಂದು ಅರ್ಧಾಯುವಿನಷ್ಟು ಹೊತ್ತು ಜಾಸ್ತಿ ಬೇಕು, ಅಷ್ಟೇ. ಎರಡು ಇದ್ದದ್ದು ಒಂದಕ್ಕೆ ಇಳಿಯುವುದು ಒಂದೇ ಸಲ ಅರ್ಧ ಆದಾಗ ಅಲ್ವಾ.

ಎಷ್ಟು ಉಳಿದಿದೆ ಅಂತ ನೋಡಲು ಫೋನ್ ಸಾಕು. ಕ್ಯಾಲ್ಕ್ಯುಲೇಟರ್ ತೆರೆದು ಫೋನ್ ಅಡ್ಡ ಹಿಡಿಯಿರಿ, ಘಾತದ ಗುಂಡಿ ಕಾಣುತ್ತದೆ. ಬಿಟ್ಟು ಎಷ್ಟು ಗಂಟೆ ಆಯ್ತೋ ಅದನ್ನು ಅರ್ಧಾಯುವಿನ ಗಂಟೆಗಳಿಂದ ಭಾಗಿಸಿ, ಬಂದದ್ದನ್ನು 0.5ರ ಘಾತವಾಗಿ ಹಾಕಿ. ಅರ್ಧಾಯು 40 ಗಂಟೆ, ಬಿಟ್ಟು 48 ಗಂಟೆ ಅಂದರೆ:

```
0.5^(48/40) = 0.435
```

ನೂರಕ್ಕೆ 43 ಅಥವಾ 44 ಪಾಲು ಉಳಿದಿದೆ ಅಂತ. ಐದು ಅರ್ಧಾಯು ಕಳೆದರೆ ನೂರಕ್ಕೆ ಮೂರು ಪಾಲು ಉಳಿಯುತ್ತದೆ. ಲೆಕ್ಕದಲ್ಲಿ ಸೊನ್ನೆ ಯಾವತ್ತೂ ಬರುವುದಿಲ್ಲ, ಆದರೆ ಐದು ಕಳೆದ ಮೇಲೆ "ಹೋಯ್ತು" ಅಂತ ಹೇಳುವುದು ರೂಢಿ.

ಈ ಪ್ರಶ್ನೆಯನ್ನು ನನಗೆ ತುಂಬ ಗಾಬರಿಯಿಂದ ಕೇಳಿದವನು ದೇವದುರ್ಗದ ಕಡೆಯ ಒಬ್ಬ ಹುಡುಗ. ಅವನ ಅವ್ವನಿಗೆ ಎದೆ ಬಡಿತ ಅಡ್ಡಾದಿಡ್ಡಿ. ಡಿಗಾಕ್ಸಿನ್ 0.25 ಮಿಲಿಗ್ರಾಂ ಗುಳಿಗೆ, ವಾರಕ್ಕೆ ಐದು ದಿನ, ಎರಡು ದಿನ ಬಿಡುವು. ವರ್ಷಗಟ್ಟಲೆ ಸರಿಯಾಗಿಯೇ ನಡೆದಿತ್ತು. ಮೇ ತಿಂಗಳ ಬಿಸಿಲಲ್ಲಿ ಮೂರು ದಿನ ಭೇದಿ ಆಯಿತು. ಭೇದಿ ನಿಂತಿತು, ಊಟ ಮಾತ್ರ ಸೇರಲಿಲ್ಲ. ರೊಟ್ಟಿ ಕಂಡರೆ ವಾಕರಿಕೆ. "ಗ್ವಾಡಿ ಎಲ್ಲಾ ಅರಿಶಿಣ ಬಳದಂಗ ಕಾಣಾಕತ್ತಾವ" ಅಂದರಂತೆ. ಬಿಸಿಲಿಗೆ ಪಿತ್ತ ಏರಿದೆ ಅಂತ ಮನೆಯವರು ಮಜ್ಜಿಗೆ ಕುಡಿಸಿದರು. ಗುಳಿಗೆಯನ್ನೂ ತಪ್ಪದೆ ಕೊಟ್ಟರು.

ವಾಕರಿಕೆ, ಕಣ್ಣಿಗೆ ಹಳದಿ ಕಾಣುವುದು, ನಾಡಿ ನಿಧಾನ ಆಗುವುದು, ಇವು ಡಿಗಾಕ್ಸಿನ್ ಮೈಯಲ್ಲಿ ಜಾಸ್ತಿಯಾದ ಗುರುತು. ಭೇದಿಯಲ್ಲಿ ನೀರು ಹೋಗಿ ಕಿಡ್ನಿ ಸೋತಿತ್ತು. ಈ ಔಷಧಿಯ ಹೆಚ್ಚಿನ ಭಾಗ ಹೊರಬೀಳುವುದು ಮೂತ್ರದಲ್ಲೇ. ಕೊಡದ ಮಾತಲ್ಲಿ ಹೇಳುವುದಾದರೆ ಚೊಂಬು ಸಣ್ಣದಾಯಿತು, ಮೇಲಿಂದ ಉಪ್ಪು ಮಾತ್ರ ದಿನಾ ಬೀಳುತ್ತಲೇ ಇತ್ತು. ಆಸ್ಪತ್ರೆಗೆ ಸೇರಿಸಿದಾಗ ನಾಡಿ 48. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೊದಲು 1.1 ಇದ್ದದ್ದು 2.6 ಆಗಿತ್ತು. ಸೋಮವಾರ ಬೆಳಿಗ್ಗೆ 10ಕ್ಕೆ ತೆಗೆದ ರಕ್ತದಲ್ಲಿ ಡಿಗಾಕ್ಸಿನ್ ಮಿಲಿಲೀಟರಿಗೆ 3.2 ನ್ಯಾನೋಗ್ರಾಂ. 2 ದಾಟಿದರೆ ತೊಂದರೆಯ ಭಯ ಅಂತ ವೈದ್ಯರು ನೋಡುತ್ತಾರೆ. ಗುಳಿಗೆ ನಿಲ್ಲಿಸಿ ಡ್ರಿಪ್ ಹಾಕಿದರು.

ಬುಧವಾರ ಬೆಳಿಗ್ಗೆ 10ಕ್ಕೆ ಮತ್ತೆ ರಕ್ತ ತೆಗೆದರು. ಹುಡುಗ ರಿಪೋರ್ಟ್ ಹಿಡಿದು ಸೀದಾ ನನ್ನ ಕೌಂಟರಿಗೆ ಬಂದ. ಅಲ್ಲಿ 2.3 ಅಂತ ಇತ್ತು. "ಎಲ್ಡು ದಿನ ಆದ್ರೂ ಇಷ್ಟೇ ಇಳದೈತ್ರಿ, ಕದ್ದು ಯಾರಾದ್ರೂ ಗುಳಿಗಿ ಕೊಡಾಕತ್ತಾರೇನು?" ಅಂದ. ಆ ಅನುಮಾನ ಅವನ ಮುಖದಲ್ಲಿ ಕಾಣುತ್ತಿತ್ತು, ಅದಕ್ಕೇ ಕೂರಿಸಿ ಲೆಕ್ಕ ತೋರಿಸಿದೆ.

ಪುಸ್ತಕದ ಅರ್ಧಾಯು ಅವರಿಗೆ ಹೊಂದುವುದಿಲ್ಲ. ಪುಸ್ತಕದ ಪ್ರಕಾರ ಹೋಗಿದ್ದರೆ ಬುಧವಾರ 1.4 ಇರಬೇಕಿತ್ತು. ನಡುವೆ ಗುಳಿಗೆ ಕೊಡದೆ ಎರಡು ಸಲ ರಕ್ತ ನೋಡಿದ್ದರಿಂದ, ಫೋನಿನ ಅದೇ ಕ್ಯಾಲ್ಕ್ಯುಲೇಟರಿನ ln ಗುಂಡಿಯಿಂದ ಅವರ ಮೈಯ ಸ್ವಂತ ಅರ್ಧಾಯುವನ್ನೇ ತೆಗೆಯಬಹುದಿತ್ತು:

```
48 × ln(2) ÷ ln(3.2 ÷ 2.3) = 101
```

101 ಗಂಟೆ, ಅಂದರೆ ನಾಲ್ಕು ದಿನಕ್ಕಿಂತ ಸ್ವಲ್ಪ ಜಾಸ್ತಿ. ಕಿಡ್ನಿ ಇಷ್ಟು ಸೋತವರಲ್ಲಿ ಇದು ಆಗುವಂಥದ್ದೇ. ಯಾರೂ ಕದ್ದು ಕೊಟ್ಟಿರಲಿಲ್ಲ. ಇದೇ ವೇಗದಲ್ಲಿ ಹೋದರೆ 2.3 ಇದ್ದದ್ದು 1ಕ್ಕೆ ಬರಲು ಇನ್ನೂ ಐದು ದಿನ, ಅಂದರೆ ಮುಂದಿನ ಸೋಮವಾರ. ಅಲ್ಲಿಯವರೆಗೆ ಗುಳಿಗೆ ಮುಟ್ಟುವ ಮಾತೇ ಇಲ್ಲ, ವೈದ್ಯರು ಹೇಳಿದಾಗ ಮಾತ್ರ ಅಂತ ಹೇಳಿ ಕಳಿಸಿದೆ.

ಅವನು ಇನ್ನೊಂದು ಕೇಳಿದ, ಡಯಾಲಿಸಿಸ್ ಮಾಡಿಸಿದರೆ ಬೇಗ ಹೋಗುತ್ತದಾ ಅಂತ. ಇದನ್ನೂ ಬಹಳ ಜನ ಕೇಳುತ್ತಾರೆ. ಡಿಗಾಕ್ಸಿನ್‌ಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಈ ಔಷಧಿ ರಕ್ತದಲ್ಲಿ ಇರುವುದು ತೀರಾ ಸ್ವಲ್ಪ, ಉಳಿದದ್ದೆಲ್ಲ ಹೃದಯದಲ್ಲಿ, ಮಾಂಸಖಂಡದಲ್ಲಿ ಹೋಗಿ ಕೂತಿರುತ್ತದೆ. ರಕ್ತವನ್ನು ಎಷ್ಟು ತೊಳೆದರೂ ಮಾಂಸದಲ್ಲಿ ಕೂತದ್ದು ಹಾಗೇ ಇರುತ್ತದೆ.

ಇದೇ ಕಾರಣಕ್ಕೆ ರಕ್ತ ಯಾವಾಗ ತೆಗೆದರು ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ. ಗುಳಿಗೆ ನುಂಗಿ ಕನಿಷ್ಠ ಆರು ಗಂಟೆ ಆಗಿರಬೇಕು. ಎರಡು ಗಂಟೆಗೇ ತೆಗೆದರೆ ಔಷಧಿ ಇನ್ನೂ ರಕ್ತದಲ್ಲೇ ಇರುತ್ತದೆ, ಮಾಂಸಕ್ಕೆ ಇಳಿದಿರುವುದಿಲ್ಲ. ಸುಮ್ನೆ ದೊಡ್ಡ ಸಂಖ್ಯೆ ಬಂದು ಎಲ್ಲರೂ ಹೆದರುತ್ತಾರೆ. ಆ ಹೊತ್ತಿನಲ್ಲಿ ಆಗುವ ಇಳಿತ ಔಷಧಿ ಹೊರಗೆ ಹೋಗುವ ಇಳಿತ ಅಲ್ಲ, ಅದರಿಂದ ಅರ್ಧಾಯು ತೆಗೆದರೆ ತಪ್ಪು ಬರುತ್ತದೆ. ಈ ಅವ್ವ ಕೊನೆಯ ಗುಳಿಗೆ ನುಂಗಿದ್ದು ಭಾನುವಾರ ಬೆಳಿಗ್ಗೆ, ಹಾಗಾಗಿ ಸೋಮವಾರದ ಸಂಖ್ಯೆ ನಂಬುವಂಥದ್ದೇ ಆಗಿತ್ತು. ಸಂಖ್ಯೆಯೊಂದೇ ಸಾಲದು ಅನ್ನುವುದೂ ನಿಜ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿದ್ದರೆ ಅಷ್ಟೇ ಡಿಗಾಕ್ಸಿನ್ ಜಾಸ್ತಿ ಹಾನಿ ಮಾಡುತ್ತದೆ, ಭೇದಿಯಲ್ಲಿ ಹೋಗುವುದು ಆ ಪೊಟ್ಯಾಸಿಯಮ್ಮೇ.

ಎಲ್ಲ ಔಷಧಿಯೂ ಕೊಡದ ಲೆಕ್ಕಕ್ಕೆ ಬಗ್ಗುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಅದಕ್ಕೆ ಹೊರಗು. ಅದನ್ನು ಕರಗಿಸುವ ಲಿವರಿನ ಶಕ್ತಿಗೆ ಒಂದು ಮಿತಿ ಇದೆ, ಅದು ತುಂಬಿದ ಮೇಲೆ ಗಂಟೆಗೆ ಇಷ್ಟೇ ಅಂತ ಹೋಗುತ್ತದೆ, ಪಾಲಿನ ಲೆಕ್ಕ ಇಲ್ಲ. ಅಲ್ಲಿ ಗುಳಿಗೆ ಸ್ವಲ್ಪ ಹೆಚ್ಚಿಸಿದರೂ ರಕ್ತದಲ್ಲಿ ಒಮ್ಮೆಲೇ ಏರಿಬಿಡುತ್ತದೆ. ಹೆಂಡವೂ ಹಾಗೇ. ಇವುಗಳಿಗೆ ಮೇಲಿನ ಲೆಕ್ಕ ಹಾಕಬೇಡಿ.

ಶನಿವಾರ ಬೆಳಿಗ್ಗೆ ಹುಡುಗ ಫೋನ್ ಮಾಡಿದ. ನನ್ನ ಲೆಕ್ಕದ ಪ್ರಕಾರ ಅವತ್ತು 1.4 ಇರಬೇಕು. ರಿಪೋರ್ಟ್‌ನಲ್ಲಿ 1.1 ಬಂದಿತ್ತು. ಕ್ರಿಯಾಟಿನಿನ್ ಕೇಳಿದೆ, 1.7ಕ್ಕೆ ಇಳಿದಿತ್ತು. ಡ್ರಿಪ್ ಹಾಕಿದ್ದರಿಂದ ಕಿಡ್ನಿ ಚೇತರಿಸಿಕೊಳ್ಳುತ್ತಿತ್ತು, ಚೊಂಬು ಮತ್ತೆ ದೊಡ್ಡದಾಗುತ್ತಿತ್ತು. ಬುಧವಾರದಿಂದ ಶನಿವಾರದವರೆಗಿನ ಅರ್ಧಾಯು ತೆಗೆದರೆ 68 ಗಂಟೆ. ಮೂರೇ ದಿನದಲ್ಲಿ, ಅದೇ ಮನುಷ್ಯರಲ್ಲಿ, 101 ಇದ್ದದ್ದು 68 ಆಗಿತ್ತು. ಗೋಡೆ ಬಿಳಿ ಕಾಣುತ್ತಿದೆ, ಅರ್ಧ ರೊಟ್ಟಿ ತಿಂದರು ಅಂದ. ಮುಂದಿನ ವಾರ ವೈದ್ಯರು 0.25ರ ಬದಲು 0.125 ಬರೆದುಕೊಟ್ಟರು. ಆ ಚೀಟಿ ತಂದಾಗ ಮನೆಯಲ್ಲಿ ಉಳಿದಿದ್ದ ಹಳೆಯ ಗುಳಿಗೆ ಪಟ್ಟಿಯನ್ನೂ ತರಿಸಿಕೊಂಡು ತೆಗೆದಿಟ್ಟೆ.