ಒಂದೇ ಎಲೆ, ಎರಡು ಚಾತುರ್ಮಾಸ್ಯ: ಆಹಾರ ನಿಯಮದ ಅಧ್ಯಾಯ ಎಲ್ಲಿಗೆ ಬಂತು

ಧಾರ್ಮಿಕ ಗುರುತು ಮತ್ತು ಸಮುದಾಯದ ಗಡಿ ಕುರಿತ ನಮ್ಮ ಸಂಶೋಧನಾ ಪ್ರಬಂಧದಲ್ಲಿ ಆಹಾರದ ಅಧ್ಯಾಯಕ್ಕೆ ಈಗ ಒಂದು ಆಕಾರ ಬಂದಿದೆ. ಕರ್ನಾಟಕದ ಮಾಧ್ವ ಮನೆಗಳನ್ನೂ ದಿಗಂಬರ ಜೈನ ಮನೆಗಳನ್ನೂ ಮಳೆಗಾಲದ ನಾಲ್ಕು ತಿಂಗಳಲ್ಲಿ ಅಕ್ಕಪಕ್ಕ ಇಟ್ಟು ನೋಡುವುದು ಅಧ್ಯಾಯದ ಕೆಲಸ. ಇಬ್ಬರೂ ಸಸ್ಯಾಹಾರಿಗಳು, ಇಬ್ಬರಿಗೂ ಚಾತುರ್ಮಾಸ್ಯವಿದೆ, ಇಬ್ಬರ ಸಂಪ್ರದಾಯಸ್ಥ ಮನೆಗಳಲ್ಲೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಇಷ್ಟು ಹತ್ತಿರದ ಎರಡು ಅಡುಗೆಮನೆಗಳ ನಡುವೆ ಗಡಿ ಎಲ್ಲಿ ಬೀಳುತ್ತದೆ ಎಂದು ತೋರಿಸಲಾಗದಿದ್ದರೆ, ಮಾಂಸಾಹಾರಿ–ಸಸ್ಯಾಹಾರಿ ಗಡಿಯ ಬಗ್ಗೆ ಬರೆಯುವುದರಲ್ಲಿ ಹೊಸದೇನೂ ಇರುವುದಿಲ್ಲ.

ಈ ವಿಷಯದ ಅಧ್ಯಾಯಗಳು ಬಹುಮಟ್ಟಿಗೆ ‘ಯಾರು ಏನು ತಿನ್ನುವುದಿಲ್ಲ’ ಎಂಬ ಪಟ್ಟಿಯಿಂದ ಶುರುವಾಗಿ ಅಲ್ಲಿಯೇ ನಿಂತುಬಿಡುತ್ತವೆ. ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಹೇಳಿದ್ದು, ಗುಂಪನ್ನು ಗುಂಪಾಗಿಸುವುದು ಒಳಗಿನ ಸಂಸ್ಕೃತಿಯ ಸರಕಲ್ಲ, ಗಡಿಯನ್ನು ಕಾಯುವ ನಡವಳಿಕೆ ಎಂದು. ಆ ಮಾತನ್ನು ಮುನ್ನುಡಿಯಲ್ಲಿ ಉಲ್ಲೇಖಿಸಿ, ಕೋಷ್ಟಕದಲ್ಲಿ ಮತ್ತೆ ಸರಕನ್ನೇ ಎಣಿಸಿದರೆ ಏನು ಬಂತು? ಹಾಗಾಗಿ ನಮ್ಮ ಕೋಷ್ಟಕದಲ್ಲಿ ಪ್ರತಿ ನಿಷೇಧಕ್ಕೂ ನಾಲ್ಕು ಅಂಕಣ ಮಾಡಿದ್ದೇವೆ: ವಸ್ತು, ಕಾಲ, ಕೈ, ಪಂಕ್ತಿ. ಏನು ಬೇಡ, ಯಾವಾಗ ಬೇಡ, ಯಾರು ಮಾಡಿದ್ದು ಅಥವಾ ಮುಟ್ಟಿದ್ದು ಬೇಡ, ಯಾರ ಜೊತೆ ಕೂತು ಬೇಡ.

ಒಂದು ಎಲೆಯ ಲೆಕ್ಕ

ಅಧ್ಯಾಯದ ಬೆನ್ನೆಲುಬು ಒಂದು ಸಾದಾ ಊಟದ ಎಲೆ. ಅನ್ನ, ಹೆಸರುಬೇಳೆ ತೊವ್ವೆ, ಆಲೂಗಡ್ಡೆ ಪಲ್ಯ, ಹೀರೇಕಾಯಿ ಪಲ್ಯ, ಮೊಸರು. ಆಷಾಢ ಶುದ್ಧ ಏಕಾದಶಿ ಕಳೆದು ಒಂದು ವಾರ, ಮಧ್ಯಾಹ್ನ ಎಂದಿಟ್ಟುಕೊಳ್ಳಿ.

ವ್ರತ ಹಿಡಿದ ಮಾಧ್ವರಿಗೆ ಅದು ತರಕಾರಿ ಬಿಡುವ ಶಾಕವ್ರತದ ತಿಂಗಳು. ಆಲೂಗಡ್ಡೆಯೂ ಇಲ್ಲ, ಹೀರೇಕಾಯಿಯೂ ಇಲ್ಲ, ಒಗ್ಗರಣೆಗೆ ಮೆಣಸಿನಕಾಯಿಯೂ ಇಲ್ಲ, ಖಾರಕ್ಕೆ ಕಾಳುಮೆಣಸು. ತೊವ್ವೆ ಆಗುತ್ತದೆ, ಮೊಸರು ಆಗುತ್ತದೆ. ನಿಯಮ ಪಾಲಿಸುವ ಜೈನರಿಗೆ ಅದೇ ಎಲೆಯಲ್ಲಿ ಹೀರೇಕಾಯಿ ಆಗುತ್ತದೆ, ಆಲೂಗಡ್ಡೆ ಆಗುವುದಿಲ್ಲ. ಅದು ಕಂದಮೂಲ, ಅನಂತ ಜೀವಗಳ ಒಡಲು. ತೊವ್ವೆ ಬೇರೆಯಾಗಿ ಆಗುತ್ತದೆ, ಮೊಸರೂ ಬೇರೆಯಾಗಿ ಆಗುತ್ತದೆ. ಎರಡನ್ನೂ ಕಲಸಿದರೆ ತಕರಾರು ಏಳುತ್ತದೆ. ಎರಡು ಹೋಳಾಗುವ ಬೇಳೆಗೆ ಮೊಸರು ಸೇರಿದರೆ ಜೀವೋತ್ಪತ್ತಿ ಎಂಬ ದ್ವಿದಳದ ನಿಯಮ ಅಲ್ಲಿದೆ. ಮೊಸರನ್ನು ಮೊದಲೇ ಕಾಯಿಸಿದರೆ ಅಡ್ಡಿಯಿಲ್ಲ ಎನ್ನುವವರಿದ್ದಾರೆ, ಕಾಯಿಸಿದರೂ ಬೇಡ ಎನ್ನುವವರಿದ್ದಾರೆ.

ಶ್ರಾವಣ ಶುದ್ಧ ಏಕಾದಶಿ ಬಂತೆನ್ನಿ. ಮಾಧ್ವರ ಎಲೆಗೆ ತರಕಾರಿ ಮರಳುತ್ತದೆ, ಮೊಸರು ಹೋಗುತ್ತದೆ, ಮಜ್ಜಿಗೆ ಉಳಿಯುತ್ತದೆ. ಭಾದ್ರಪದದಲ್ಲಿ ಕ್ಷೀರವ್ರತ ಶುರು. ಮೊಸರು ಬಂತು, ಹಾಲು ಹೋಯಿತು. ಆಶ್ವಯುಜ ಶುದ್ಧ ಏಕಾದಶಿಯಿಂದ ದ್ವಿದಳವ್ರತ: ಬೇಳೆ ಕಾಳುಗಳೆಲ್ಲ ಬಂದ್, ತೊವ್ವೆ ಇಲ್ಲ, ಬಹುಬೀಜ ಎಂದು ಹೀರೇಕಾಯಿಯನ್ನೂ ಬಿಡುವ ಮನೆಗಳಿವೆ. ಅತ್ತ ಜೈನರ ಎಲೆ ಈ ನಾಲ್ಕು ತಿಂಗಳಲ್ಲಿ ಇಷ್ಟು ಕುಣಿಯುವುದಿಲ್ಲ. ಅನೇಕರು ಸೊಪ್ಪು ಬಿಡುತ್ತಾರೆ, ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿ ಬಿಡುತ್ತಾರೆ, ಹಿಟ್ಟು ಬೀಸಿಟ್ಟರೆ ಬಳಸುವ ಗಡುವು ಮಳೆಗಾಲದಲ್ಲಿ 3 ದಿನಕ್ಕೆ ಇಳಿಯುತ್ತದೆ (ಬೇಸಿಗೆಗೆ 5, ಚಳಿಗಾಲಕ್ಕೆ 7). ಆದರೆ ಊಟವನ್ನು ರಾತ್ರಿ ಎಂಟು ಗಂಟೆಗೆ ಬಡಿಸಿದರೆ ಇಡೀ ಎಲೆಯೇ ಅವರಿಗೆ ನಿಷಿದ್ಧ. ಸೂರ್ಯಾಸ್ತದ ಮೇಲೆ ಊಟವಿಲ್ಲ.

ಆಲೂಗಡ್ಡೆಯನ್ನು ಇಬ್ಬರೂ ಬಿಟ್ಟರಲ್ಲ, ಕೋಷ್ಟಕದಲ್ಲಿ ಅದು ಒಂದೇ ಗುರುತಾಗಿ ಬೀಳಬಾರದು. ಮಾಧ್ವರ ನಿಷೇಧ ಕಾಲದ್ದು. ಶಾಕವ್ರತ ಮುಗಿದರೆ ಆಲೂಗಡ್ಡೆ ಪಲ್ಯ ಮರಳಿ ಎಲೆಗೆ ಬರುತ್ತದೆ. ಜೈನರದು ವಸ್ತುವಿನದ್ದು, ಯಾವ ದ್ವಾದಶಿಯೂ ಅದನ್ನು ಬಿಡಿಸಿಕೊಡುವುದಿಲ್ಲ. ‘ದ್ವಿದಳ’ದ ಕಥೆಯೂ ಇದೇ: ಒಂದು ಕಡೆ ತಿಂಗಳ ನಿಯಮ, ಇನ್ನೊಂದು ಕಡೆ ಬೆರಕೆಯ ನಿಯಮ. ಸಂದರ್ಶನದ ಬರಹದಲ್ಲಿ ಪದ ಹುಡುಕಿ ಗುರುತು ಹಾಕುವ ಪದ್ಧತಿಯಿದ್ದರೆ ಇವೆರಡೂ ಒಂದೇ ರಾಶಿಗೆ ಬೀಳುತ್ತವೆ. ಆಮೇಲೆ ಬರುವ ‘ಹೋಲಿಕೆ’ಗಳೆಲ್ಲ ಸುಳ್ಳು ಹೋಲಿಕೆಗಳು.

ಇದನ್ನು ಬೇರ್ಪಡಿಸಲು ಪ್ರತಿ ನಿಷೇಧದ ಹಿಂದೆಯೂ ಮೂರು ಮರುಪ್ರಶ್ನೆ ಇಟ್ಟಿದ್ದೇವೆ. ಬೇರೆ ದಿನ ಆಗಿದ್ದರೆ ತಿನ್ನುತ್ತಿದ್ದಿರಾ? ಬೇರೆಯವರು ಮಾಡಿದ್ದರೆ? ಬೇರೆ ಕಡೆ ಕೂತಿದ್ದರೆ? ಉತ್ತರ ಎಲ್ಲಿ ಬದಲಾಗುತ್ತದೋ ಆ ಅಂಕಣಕ್ಕೆ ನಿಷೇಧ ಸೇರುತ್ತದೆ. ಮೂರಕ್ಕೂ ‘ಇಲ್ಲ’ ಬಂದರೆ ಮಾತ್ರ ಅದು ವಸ್ತುವಿನ ನಿಷೇಧ.

ಕೈ ಮತ್ತು ಪಂಕ್ತಿ

ಗಡಿ ನಿಜವಾಗಿ ಬಿಗಿಯಾಗುವುದು ಇಲ್ಲಿ. ಮಾನವಶಾಸ್ತ್ರಜ್ಞ ಮಕಿಮ್ ಮ್ಯಾರಿಯಟ್ 1968ರ ಲೇಖನದಲ್ಲಿ ಉತ್ತರ ಪ್ರದೇಶದ ಒಂದು ಹಳ್ಳಿಯಲ್ಲಿ ಯಾರು ಯಾರಿಂದ ಯಾವ ಬಗೆಯ ಆಹಾರ ಪಡೆಯುತ್ತಾರೆ ಎಂಬ ಚೌಕಳಿ ಹಾಕಿ ಜಾತಿಗಳ ಮೇಲುಕೀಳನ್ನು ಓದಿದರು. ಆ ಚೌಕಳಿಯನ್ನು ನಾವು ತೆಗೆದುಕೊಂಡಿದ್ದೇವೆ, ಆದರೆ ನೀರಲ್ಲಿ ಬೆಂದದ್ದು ಕಚ್ಚಾ, ತುಪ್ಪದಲ್ಲಿ ಕರಿದದ್ದು ಪಕ್ಕಾ ಎಂಬ ಅಲ್ಲಿಯ ವಿಂಗಡಣೆಯನ್ನು ಹಾಗೇ ಎತ್ತಿ ತಂದಿಲ್ಲ. ಇಲ್ಲಿಯ ಮಡಿ ಮನೆಗಳಲ್ಲಿ ಕೆಲಸ ಮಾಡುವ ವಿಂಗಡಣೆ ಮುಸುರೆಯದ್ದು. ಅನ್ನ ಮುಸುರೆ, ಅದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವಂತಿಲ್ಲ. ಅವಲಕ್ಕಿ, ಹಣ್ಣು ಹಾಗಲ್ಲ. ಇನ್ನು ಆ ಮನೆಯಲ್ಲಿ ಊಟ ಮಾಡದವರಿಗೂ ಅಕ್ಕಿ, ಬೇಳೆ, ಬೆಲ್ಲ, ತುಪ್ಪವನ್ನು ಸ್ವಯಂಪಾಕವಾಗಿ, ಅಂದರೆ ಅವರೇ ಬೇಯಿಸಿಕೊಳ್ಳಲೆಂದು, ಕೊಡಬಹುದು. ಬೇಯದ ಅಕ್ಕಿ ಹೊಸಿಲು ದಾಟುತ್ತದೆ, ಬೆಂದ ಅನ್ನ ದಾಟುವುದಿಲ್ಲ. ಇದನ್ನು ಹಿಡಿಯಲು ಚೌಕಳಿಯಲ್ಲಿ ‘ಆಹಾರ ಸ್ವೀಕಾರ’ ಎಂಬ ಒಂದೇ ಮನೆ ಸಾಲದು. ಬೇಯದ್ದು, ಮುಸುರೆಯಲ್ಲದ್ದು, ಮುಸುರೆ ಎಂದು ಮೂರು ಮಾಡಬೇಕು.

ಜೈನರಲ್ಲಿ ಕೈಯ ನಿಯಮ ಎದ್ದು ಕಾಣುವುದು ಮುನಿಗಳ ಆಹಾರದಾನದಲ್ಲಿ. ದಿಗಂಬರ ಮುನಿ ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲೇ ಸ್ವೀಕರಿಸುತ್ತಾರೆ. ಆಹಾರ ಕೊಡುವ ಮನೆಯವರು ಸೋಸಿದ ನೀರಿನಲ್ಲಿ, ಶುದ್ಧ ಬಟ್ಟೆ ಉಟ್ಟು ಅಡುಗೆ ಮಾಡಬೇಕು; ಮನ, ವಚನ, ಕಾಯ, ಆಹಾರ, ಜಲ ಶುದ್ಧವಾಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಬೊಗಸೆಯಲ್ಲಿ ಕೂದಲೋ ಹುಳುವೋ ಕಂಡರೆ ಅಂತರಾಯ. ಅವತ್ತಿನ ಆಹಾರ ಅಲ್ಲಿಗೆ ಮುಗಿಯಿತು. ಮನೆಯ ದಿನನಿತ್ಯದ ಅಡುಗೆಗೂ ಈ ಅಡುಗೆಗೂ ಇರುವ ಅಂತರವೇ ನಮಗೆ ಬೇಕಾದ ಮಾಹಿತಿ, ಏಕೆಂದರೆ ಬಿಗಿ ನಿಯಮ ಪಾಲಿಸದ ಮನೆಯೂ ಆ ಒಂದು ದಿನಕ್ಕೆ ಪೂರ್ತಿ ಪಾಲಿಸುತ್ತದೆ. ‘ನಿಮ್ಮ ಮನೆಯಲ್ಲಿ ಕಂದಮೂಲ ಬಳಸುತ್ತೀರಾ’ ಎಂಬ ಪ್ರಶ್ನೆಗೆ ಬರುವ ಹೌದು–ಇಲ್ಲಗಳಲ್ಲಿ ಇದು ಕಾಣುವುದೇ ಇಲ್ಲ.

ಪಂಕ್ತಿಯ ಅಂಕಣ ಇನ್ನೂ ತೆಳ್ಳಗಿದೆ. ಗೃಹಪ್ರವೇಶ, ಮದುವೆ, ತಿಥಿ ಊಟ ಈ ಮೂರನ್ನು ಬೇರೆ ಬೇರೆ ಬರೆಯುತ್ತಿದ್ದೇವೆ. ಮದುವೆಯ ಬಫೆಯಲ್ಲಿ ಸುಳಿವೇ ಸಿಗದ ಗಡಿ, ತಿಥಿಯ ಊಟಕ್ಕೆ ಯಾರನ್ನು ಕರೆಯುತ್ತಾರೆ ಎಂದು ಕೇಳಿದಾಗ ಸಲೀಸಾಗಿ ಸಿಗುತ್ತದೆ.

ದಿನಾಂಕ, ಮಾದರಿ, ಅಂಕಿಅಂಶ

ದಿನಚರಿ ಹಾಳೆಯಲ್ಲಿ ಇಂಗ್ಲಿಷ್ ದಿನಾಂಕದ ಪಕ್ಕ ತಿಥಿ ಕಡ್ಡಾಯ ಮಾಡಿದ್ದೇವೆ. 2023ರಲ್ಲಿ ಅಧಿಕ ಶ್ರಾವಣ ಬಂದು ಮುಂದಿನ ಹಬ್ಬಗಳೆಲ್ಲ ತಡವಾಗಿ ಬಂದವು. ಆಗಸ್ಟ್ 10 ಎಂದಷ್ಟೇ ಬರೆದುಕೊಂಡರೆ ಆ ವರ್ಷಕ್ಕೂ ಮರುವರ್ಷಕ್ಕೂ ತಾಳೆಯಾಗುವುದಿಲ್ಲ. ಇನ್ನೊಂದು ಸಿಕ್ಕು ಹಿಂದಿಯಲ್ಲಿ ಅಚ್ಚಾದ ಜೈನ ಪಂಚಾಂಗಗಳದ್ದು. ಅವು ಹುಣ್ಣಿಮೆಗೆ ತಿಂಗಳು ಮುಗಿಸುತ್ತವೆ, ನಮ್ಮವು ಅಮಾವಾಸ್ಯೆಗೆ. ಮಹಾವೀರ ನಿರ್ವಾಣದ ದಿನ ಅಲ್ಲಿ ಕಾರ್ತಿಕ ಅಮಾವಾಸ್ಯೆ, ಇಲ್ಲಿ ಆಶ್ವಯುಜ ಅಮಾವಾಸ್ಯೆ. ದಿನ ಒಂದೇ, ದೀಪಾವಳಿ. ಇದನ್ನು ಸರಿಪಡಿಸದಿದ್ದರೆ ಕೃಷ್ಣಪಕ್ಷದ ನಮೂದುಗಳೆಲ್ಲ ಒಂದು ತಿಂಗಳು ಆಚೀಚೆ ಹೋಗುತ್ತವೆ.

ಮಾದರಿಯ ವಿಚಾರದಲ್ಲಿ, 2011ರ ಜನಗಣತಿ ಕರ್ನಾಟಕದಲ್ಲಿ ಸುಮಾರು 4.4 ಲಕ್ಷ ಜೈನರನ್ನು ಎಣಿಸಿದೆ, ದಿಗಂಬರ–ಶ್ವೇತಾಂಬರ ಎಂದು ಬಿಡಿಸಿಲ್ಲ. ಬೆಳಗಾವಿ ಕಡೆಯ ಒಕ್ಕಲುತನದ ದಿಗಂಬರ ಮನೆಗೂ ಬೆಂಗಳೂರಿನ ವ್ಯಾಪಾರಸ್ಥ ಮಾರವಾಡಿ ಶ್ವೇತಾಂಬರ ಮನೆಗೂ ಅಡುಗೆಯೇ ಬೇರೆ, ಮನೆಮಾತೇ ಬೇರೆ. ಅದಕ್ಕೇ ಈ ಅಧ್ಯಾಯ ದಿಗಂಬರರಿಗೆ ಸೀಮಿತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊಟ್ಟೆ, ಮೀನು, ಮಾಂಸವನ್ನು ಎಷ್ಟು ಸಲ ತಿನ್ನುತ್ತೀರಿ ಎಂದು ಕೇಳುತ್ತದೆ. ಯಾರ ಕೈಯಿಂದ, ಯಾವ ದಿನ ಎಂದು ಕೇಳುವುದಿಲ್ಲ. ಹೊರಗಿನ ದೊಡ್ಡ ಗಡಿ ತೋರಿಸಲು ಅದು ಸಾಕು, ಸಸ್ಯಾಹಾರದ ಒಳಗಿನ ಗೆರೆಗಳಿಗೆ ಪ್ರಯೋಜನವಿಲ್ಲ. ಉತ್ತರ ಕರ್ನಾಟಕದ ಲಿಂಗಾಯತ ಮನೆಯಲ್ಲಿ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿಯುವವರೂ ಆ ಲೆಕ್ಕದಲ್ಲಿ ಇದೇ ಗುಂಪು.

ಎಣಿಕೆಯ ಘಟಕ ಮನೆಯಲ್ಲ, ‘ಒಬ್ಬ ವ್ಯಕ್ತಿಯ ಒಂದು ದಿನ’. ಒಂದೇ ಮನೆಯಲ್ಲಿ ಅತ್ತೆ ನಾಲ್ಕೂ ವ್ರತ ಹಿಡಿದಿರುತ್ತಾರೆ, ಸೊಸೆ ಏಕಾದಶಿ ಮಾತ್ರ, ಮಗ ಹೊರಗೆ ಆಲೂಗಡ್ಡೆ ಬೋಂಡಾ ತಿಂದು ಬರುತ್ತಾನೆ. ‘ನಾವು ಪಾಲಿಸುತ್ತೇವೆ’ ಎಂಬ ಬಹುವಚನದಲ್ಲಿ ಇವರೆಲ್ಲ ಮಾಯ. ಹಾಗೆಂದು ಆ ಬಹುವಚನವನ್ನು ಸುಳ್ಳೆಂದು ಬರೆಯುವುದೂ ತಪ್ಪು. ಅಡುಗೆಮನೆ ಪಾಲಿಸುತ್ತದೆ, ವ್ಯಕ್ತಿಗಳು ಅಷ್ಟಷ್ಟು. ಹಾಗಾಗಿ ‘ನಿಯಮ ಹೀಗೆ’ ಎಂಬ ಮಾತು ಒಂದು ಅಂಕಣ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದು ಇನ್ನೊಂದು ಅಂಕಣ. ಪ್ರಶ್ನೆಯನ್ನು ಅಡುಗೆ ಮಾಡುವವರಿಗೇ, ಬೇರೆಯವರು ಪಕ್ಕದಲ್ಲಿಲ್ಲದಾಗ ಕೇಳಬೇಕು. ಯಜಮಾನರು ಎದುರಿಗಿದ್ದರೆ ಸಿಗುವುದು ಶಾಸ್ತ್ರ.

‘ಅದೆಲ್ಲ ವೈಜ್ಞಾನಿಕ, ಮಳೆಗಾಲದಲ್ಲಿ ಸೊಪ್ಪಿನಲ್ಲಿ ಹುಳ ಇರುತ್ತೆ’ ಎಂಬ ವಿವರಣೆ ಎರಡೂ ಕಡೆ ಸಿಗುತ್ತದೆ. ಅದನ್ನು ಕಾರಣವೆಂದು ಬರೆಯದೆ ಸಮರ್ಥನೆಯೆಂದು ಬರೆಯುತ್ತಿದ್ದೇವೆ. ಹುಳುವೇ ಕಾರಣವಾಗಿದ್ದರೆ ಶಾಕವ್ರತದಲ್ಲಿ ಆಲೂಗಡ್ಡೆಯನ್ನೇಕೆ ಬಿಡಬೇಕಿತ್ತು? ಇಂಥ ಮಾತು ಯಾರ ಎದುರು ಬರುತ್ತದೆ ಎಂಬುದು ಹೆಚ್ಚು ಉಪಯುಕ್ತ: ಹೊರಗಿನವರು ಕೇಳಿದಾಗ ಹುಳು, ಒಳಗಿನವರ ನಡುವೆ ಮಾಧ್ವರಲ್ಲಿ ಶ್ರೀಧರ–ಹೃಷೀಕೇಶ ರೂಪದ ವಿಷ್ಣುವಿನ ಪ್ರೀತಿ, ಜೈನರಲ್ಲಿ ಅಹಿಂಸೆ.

ಹೆಸರು ಮರೆಮಾಡುವ ಕ್ರಮವನ್ನೂ ಬಿಗಿ ಮಾಡಿದ್ದೇವೆ. ಒಳಪಂಗಡ, ಊರು, ವೃತ್ತಿ ಮೂರೂ ಒಟ್ಟಿಗೆ ಬಂದರೆ ಸಣ್ಣ ಊರಿನಲ್ಲಿ ಮನೆ ಗೊತ್ತಾಗಿಬಿಡುತ್ತದೆ. ಹೊರಗೆ ಮೊಟ್ಟೆ ತಿನ್ನುವ ಸಂಗತಿ ಬಯಲಾದರೆ ಸಂಬಂಧ ಮಾತಾಡುವ ಕಡೆಯೇ ಪೆಟ್ಟು. ಜಿಲ್ಲೆ ಮಾತ್ರ ಉಳಿಸಿ, ಪಂಗಡ ಮತ್ತು ವೃತ್ತಿಯಲ್ಲಿ ಒಂದನ್ನಷ್ಟೇ ಇಡುತ್ತಿದ್ದೇವೆ.

ಮುಂದಿನ ಸುತ್ತು ದ್ವಿದಳವ್ರತದ ತಿಂಗಳಲ್ಲಿ, ಅದೇ ಮನೆಗಳಲ್ಲಿ, ಅದೇ ಐದು ಪದಾರ್ಥಗಳ ಎಲೆಯ ಪ್ರಶ್ನೆಯೊಂದಿಗೆ. ಜೊತೆಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬಾಡಿಗೆಗೆ ಕೊಡುವ ಮನೆ ಮಾಲೀಕರಿಗೆ ಮೂರು ಮರುಪ್ರಶ್ನೆಗಳನ್ನು ತಿರುಗಿಸಿ ಕೇಳುವ ಹಾಳೆ ಸಿದ್ಧವಾಗುತ್ತಿದೆ: ಬಾಡಿಗೆಗೆ ಬಂದವರು ಮನೆಯಲ್ಲಿ ಮಾಡದೆ ಹೊರಗೆ ಮಾಂಸ ತಿಂದರೆ ಪರವಾಗಿಲ್ಲವೇ, ಬೇರೆ ಧರ್ಮದವರಾಗಿದ್ದು ಸಸ್ಯಾಹಾರಿಗಳಾದರೆ ಮನೆ ಕೊಡುತ್ತೀರಾ, ನಿಮ್ಮವರೇ ಮೊಟ್ಟೆ ಬೇಯಿಸಿದರೆ?